ವಕೀಲರ ಸನ್ನದು ಯಾರ ಕೈಲಿದೆ?

ವಕೀಲರ ಸನ್ನದನ್ನ ಸುಪ್ರೀಂ ಕೋರ್ಟೇ ನೇರವಾಗಿ ಕಿತ್ಕೋಬಹುದಾ ಅಂತ ಕೇಳ್ತಿದ್ರಿ. 1995ರಲ್ಲಿ ಹತ್ತಿರ ಹತ್ತಿರ ಹಾಗೇ ಆಯ್ತು. ನ್ಯಾಯಾಂಗ ನಿಂದನೆಗಾಗಿ ವಿನಯ್ ಚಂದ್ರ ಮಿಶ್ರಾ ಅವರನ್ನ ಕೋರ್ಟ್ ಮೂರು ವರ್ಷ ವಕೀಲಿಕೆಯಿಂದ ಅಮಾನತು ಮಾಡಿತು. ಅವರೋ, ಆಗ ಭಾರತೀಯ ವಕೀಲರ ಪರಿಷತ್ತಿನ ಅಧ್ಯಕ್ಷರು!

1998ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದು ತಪ್ಪು ಅಂತು. ನಿಂದನೆಗೆ ಶಿಕ್ಷೆ ಕೊಡಿ, ಆದರೆ ಸನ್ನದಿನ ವಿಚಾರಣೆ ಪರಿಷತ್ತಿನದು.

ದೂರಿನಲ್ಲಿ ಹುರುಳಿದೆ ಅಂತ ಮೊದಲು ರಾಜ್ಯ ಪರಿಷತ್ತಿಗೆ ಅನ್ನಿಸಬೇಕು. ಆಮೇಲೆ ಮೂವರ ಶಿಸ್ತು ಸಮಿತಿ, ಅರೆ-ನ್ಯಾಯಾಲಯದ ಹಾಗೆ, ನೋಟಿಸ್ ಕೊಟ್ಟು ಸಾಕ್ಷ್ಯ ನೋಡಿ ವಕೀಲರ ಮಾತನ್ನೂ ಕೇಳಬೇಕು. ಪಟ್ಟಿಯಿಂದ ಹೆಸರು ತೆಗೆದರೆ 60 ದಿನದೊಳಗೆ ಭಾರತೀಯ ಪರಿಷತ್ತಿಗೆ ಮೇಲ್ಮನವಿ, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ನನಗೆ ಕಾಣೋದು ಇಷ್ಟು: ಕೊನೆಯಲ್ಲಿ ಕೇಳಬೇಕಾದ ಕೋರ್ಟೇ ಮೊದಲು ತೀರ್ಮಾನಿಸಿಬಿಟ್ರೆ, ಆ ವಕೀಲರು ಮೇಲ್ಮನವಿ ಹಿಡ್ಕೊಂಡು ಎಲ್ಲಿಗೆ ಹೋಗ್ಬೇಕು?