ನಾಲ್ಕನೆಯವನ ಅಧ್ಯಾಯ

ಹಗ್ಗ ಎಳೆಯುವವರು ಹೆಚ್ಚಿದಂತೆ ಒಬ್ಬೊಬ್ಬರ ಎಳೆತ ತಗ್ಗುತ್ತದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ಇದನ್ನು ಅಳೆದು 1913ರಲ್ಲಿ ಪ್ರಕಟಿಸಿದ. ಎಂಟು ಜನ ಸೇರಿದಾಗ ಪ್ರತಿಯೊಬ್ಬರ ಪಾಲಿಗೆ ಬಂದದ್ದು ಒಂಟಿಯಾಗಿ ಎಳೆದದ್ದರ ಅರ್ಧದಷ್ಟು. ಸೋಮಾರಿತನ ಒಂದೇ ಅಲ್ಲ, ತಾಳ ತಪ್ಪುವುದೂ ಇದಕ್ಕೆ ಕಾರಣ.

ಈಗ ಕೊನೆಯ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟಿನ ನಾಲ್ವರನ್ನು ಊಹಿಸಿಕೊಳ್ಳಿ. ವರದಿ ಒಪ್ಪಿಸಲು ಹತ್ತು ದಿನ ಉಳಿದಿದೆ. ನಾಲ್ಕನೆಯವನು ಗುಂಪಿನ ಸಂದೇಶಗಳನ್ನು ನೋಡುತ್ತಾನೆ, ಉತ್ತರಿಸುವುದಿಲ್ಲ. ಮೂವರೂ ಅಲ್ಲೇ ಚುಚ್ಚುಮಾತು ಹಾಕುತ್ತಾರೆ. ಅವನು ಇನ್ನಷ್ಟು ದೂರವಾಗುತ್ತಾನೆ!

ಕೊನೆಗೆ ಆ ಮೂವರಲ್ಲಿ ಒಬ್ಬಳು ಅವನಿಗೆ ಫೋನ್ ಮಾಡುತ್ತಾಳೆ. "ಯಾಕೋ ಬರೆದಿಲ್ಲ?" ಎನ್ನುವುದಿಲ್ಲ. "ಎಷ್ಟು ಆಗಿದೆಯೋ ಅಷ್ಟೇ ಕಳಿಸೋ" ಎನ್ನುತ್ತಾಳೆ. ಆಗ ತಿಳಿಯುತ್ತದೆ: ಪರೀಕ್ಷಾ ಫಲಿತಾಂಶದ ಅಧ್ಯಾಯ ಅವನ ಪಾಲು, ಆದರೆ ಪ್ರೋಗ್ರಾಂ ಓಡುತ್ತಲೇ ಇಲ್ಲ. ಹೇಳಲು ನಾಚಿಕೆ.

ಕೆಲಸವನ್ನು ಕತ್ತರಿಸುತ್ತಾರೆ. ಅವನಿಗೆ ಎರಡು ಕೋಷ್ಟಕ, ಗುರುವಾರ ಸಂಜೆಯ ಗಡುವು. ಉಳಿದದ್ದು ಮೂವರಿಗೆ. ಗುರುವಾರವೂ ಬರದಿದ್ದರೆ ಗೈಡ್‌ಗೆ ಪತ್ರ. ಯಾರು ಯಾವ ಭಾಗ ಮಾಡಿದರು ಎಂಬುದಷ್ಟೇ ಅದರಲ್ಲಿ, ದೂರಿಲ್ಲ. ಅಂಕ ಬಂದ ಮೇಲೆ ಹೇಳಿದರೆ ಅದು ಜಗಳದಂತೆ ಕೇಳುತ್ತದೆ. ಗಡುವಿನ ಮೊದಲೇ ಹೇಳಿದರೆ ಗೈಡ್ ಏನಾದರೂ ಮಾಡಬಲ್ಲರು.

ಅವನ ಪಾಲನ್ನು ಗುಟ್ಟಾಗಿ ಬರೆದು ಅವನ ಹೆಸರು ಹಾಕುವ ದೊಡ್ಡತನ ಬೇಡ. ಮೌಖಿಕ ಪರೀಕ್ಷೆಯಲ್ಲಿ ಆ ಪುಟ ತೆರೆದು, ಪರೀಕ್ಷಕರು ಪ್ರಶ್ನೆ ಕೇಳುವುದು ಅವನನ್ನೇ.