ಗೇಟಿನೊಳಗೆ ಉಳಿದವರು
(ವೆಂಬ್ಲಿಯಲ್ಲಿ, ವಿಭಾಗದ ವಿಚಾರಗೋಷ್ಠಿ ಮಾಲಿಕೆಯಲ್ಲಿ ಅತಿಥಿ ಪ್ರಾಧ್ಯಾಪಕರನ್ನು ಪರಿಚಯಿಸಿದ ಮಾತುಗಳು)



ಇಂದಿನ ಅತಿಥಿಗಳ ಹೆಸರು, ಪದವಿ, ಪುಸ್ತಕಗಳೆಲ್ಲ ಆಹ್ವಾನಪತ್ರದಲ್ಲಿವೆ. ಅದನ್ನೇ ಮತ್ತೆ ಓದುವ ಬದಲು, ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರನ್ನು ಕುರಿತ ಅವರ ಕೆಲಸ ಇಲ್ಲಿನ ವಿದ್ಯಾರ್ಥಿಗಳ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂದು ಹೇಳುವುದು ಉಚಿತ.

ವಿದ್ಯಾರ್ಥಿನಿಯೊಬ್ಬರು ಗ್ರನ್ವಿಕ್ ಮುಷ್ಕರದ ನೆನಪುಗಳನ್ನು ಧ್ವನಿಮುದ್ರಿಸುತ್ತಿದ್ದಾರೆ. ವೆಂಬ್ಲಿಯಿರುವ ಬ್ರೆಂಟ್ ಪ್ರದೇಶದಲ್ಲೇ, ವಿಲ್ಸ್‌ಡನ್ ಬಳಿ, ಅಂಚೆಯಲ್ಲಿ ಬಂದ ಫಿಲಂ ರೋಲುಗಳನ್ನು ತೊಳೆದು ಚಿತ್ರ ಮಾಡಿ ಕಳಿಸುತ್ತಿದ್ದ ಕಾರ್ಖಾನೆ ಅದು. 1976ರ ಆಗಸ್ಟ್‌ನಲ್ಲಿ ಜಯಾಬೆನ್ ದೇಸಾಯಿ ಹೊರನಡೆದರು. ಮುಷ್ಕರ 1978ರ ಜುಲೈವರೆಗೆ ನಡೆಯಿತು, ಸೋತಿತು. ವಿದ್ಯಾರ್ಥಿನಿಯ ತೊಡಕು ಬೇರೆ. ಮಾತನಾಡಿಸಿದ ಪ್ರತಿಯೊಬ್ಬರೂ ಮುಂದಿನವರ ಹೆಸರು ಕೊಡುತ್ತಾರೆ, ಆ ಮುಂದಿನವರೂ ಮುಷ್ಕರ ಹೂಡಿದವರೇ. ಹೆಸರುಗಳು ಸುತ್ತಿ ಸುತ್ತಿ ಅಲ್ಲಿಗೇ ಬರತೊಡಗಿದಾಗ ಏನೋ ತಪ್ಪಿದೆಯೆಂದು ಅವರಿಗೆ ಅರಿವಾಯಿತು. ಒಳಗೇ ಉಳಿದು ದುಡಿದವರಲ್ಲಿ ಒಬ್ಬರೂ ಪಟ್ಟಿಯಲ್ಲಿಲ್ಲ.

ಇದೇ ಕೊರತೆ ಆ ಮುಷ್ಕರವನ್ನು ಕಾನೂನಿನಲ್ಲಿಯೂ ಸೋಲಿಸಿತ್ತು. ಯೂನಿಯನ್ನಿಗೆ ಮಾನ್ಯತೆ ಬೇಕೇ ಎಂದು ಕಾರ್ಮಿಕರನ್ನು ಕೇಳುವ ಹೊಣೆ ಏಕಾಸ್ ಎಂಬ ಸಂಧಾನ ಸಂಸ್ಥೆಯದಾಗಿತ್ತು. ಒಳಗಿದ್ದವರ ಹೆಸರು, ವಿಳಾಸಗಳನ್ನು ಮಾಲೀಕರು ಕೊಡಲಿಲ್ಲ. ಸಂಸ್ಥೆ ಹೊರಗಿದ್ದವರನ್ನಷ್ಟೇ ಕೇಳಿ, ಮಾನ್ಯತೆ ಕೊಡಬೇಕೆಂದು ವರದಿ ಬರೆಯಿತು. ಕಾರ್ಮಿಕರ ಅಭಿಪ್ರಾಯವನ್ನು ಕಾನೂನು ಹೇಳಿದಂತೆ ತಿಳಿದುಕೊಂಡಿಲ್ಲವೆಂದು 1977ರ ಡಿಸೆಂಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ ಆ ವರದಿಯನ್ನು ಅಸಿಂಧುಗೊಳಿಸಿತು. ಪಟ್ಟಿ ಬಚ್ಚಿಟ್ಟವರಿಗೇ ಪಟ್ಟಿಯಿಲ್ಲದ ಲಾಭ ದಕ್ಕಿತು!

ಅತಿಥಿಗಳ ಕೆಲಸ ನೆರವಾಗುವುದು ಇಲ್ಲಿ. 2016ರ ಏಪ್ರಿಲ್‌ನಲ್ಲಿ, ಭವಿಷ್ಯನಿಧಿಯಲ್ಲಿ ಮಾಲೀಕರು ತುಂಬಿದ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂಬ ನಿಯಮದ ವಿರುದ್ಧ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಪೊಲೀಸ್ ದಾಖಲೆಗಳಲ್ಲೂ ಟಿವಿ ದೃಶ್ಯಗಳಲ್ಲೂ ಇರುವವರು ರಸ್ತೆಯಲ್ಲಿದ್ದವರು ಮಾತ್ರ. ಅತಿಥಿಗಳು ಕಾರ್ಖಾನೆಯ ಗೇಟಿನ ಬಳಿ ನಿಲ್ಲದೆ ವಠಾರಗಳ ಬಾಡಿಗೆ ಕೋಣೆಗಳಿಗೆ ಹೋದರು, ಭಾನುವಾರಗಳಂದು. ಒಂದೇ ಸಾಲಿನ ಮನೆಗಳಲ್ಲಿ ಹೋದವರೂ ಹೋಗದವರೂ ಸಿಗುತ್ತಾರೆ. 'ಪ್ರತಿಭಟನೆಗೆ ಹೋಗಿದ್ದಿರಾ' ಎಂದು ಕೇಳಿದರೆ ಹೋಗದವರು ನಾಚಿ ಸುಮ್ಮನಾಗುತ್ತಾರೆ. 'ಪಿಎಫ್ ಹಣ ಯಾವುದಕ್ಕೆಂದು ಇಟ್ಟಿದ್ದಿರಿ' ಎಂದರೆ ಮಾತು ಹೊರಡುತ್ತದೆ.

ಮನೆಮನೆಗೆ ಊಟ ತಲುಪಿಸುವ ಸವಾರರನ್ನು ಒಂದೇ ವಾಟ್ಸ್ಆ್ಯಪ್ ಗುಂಪಿನ ಮೂಲಕ ಅಧ್ಯಯನ ಮಾಡುತ್ತಿರುವ ವಿದ್ಯಾರ್ಥಿಯೂ ಇದನ್ನು ಗಮನಿಸಬೇಕು.

ಆದರೆ ವಠಾರದ ಉಪಾಯ ವೆಂಬ್ಲಿಯಲ್ಲಿ ಹಾಗೆಯೇ ನಡೆಯಲಾರದು. ಸುಮಾರು ಅರ್ಧ ಶತಮಾನ ಕಳೆದಿದೆ, ಮನೆಗಳು ಬದಲಾಗಿವೆ, ಅಂದು ಒಳಗೆ ಉಳಿದವರಿಗೆ ಇಂದು ಅದನ್ನು ಒಪ್ಪಿಕೊಳ್ಳುವುದೇ ಕಷ್ಟ. ಅವರನ್ನು ಎಲ್ಲಿ ಹುಡುಕಬೇಕು, ಮೊದಲು ಏನು ಕೇಳಬೇಕು ಎಂಬುದೇ ವಿದ್ಯಾರ್ಥಿನಿಯ ಪ್ರಶ್ನೆ. ಅತಿಥಿಗಳು ಅಲ್ಲಿಂದಲೇ ಮಾತು ಆರಂಭಿಸಬೇಕೆಂದು ವಿನಂತಿ.