ಗಂಡಾಂತರ ದಾಟಿದವರ ವಿಮೆ

ಎದೆಯ ಮೂಳೆಯನ್ನು ಸೀಳಿ ಹೃದಯಕ್ಕೆ ರಕ್ತ ಹರಿಯಲು ಬೇರೊಂದು ದಾರಿ ಮಾಡಿಕೊಟ್ಟ ಶಸ್ತ್ರವೈದ್ಯರು, ಕೆಲವು ತಿಂಗಳ ನಂತರ ರೋಗಿಯ ಬೆನ್ನು ತಟ್ಟಿ "ಇನ್ನು ನೀವು ಎಲ್ಲರಂತೆಯೇ ಓಡಾಡಿಕೊಂಡಿರಬಹುದು" ಎನ್ನುತ್ತಾರೆ. ಕ್ಯಾನ್ಸರಿನ ಗೆಡ್ಡೆಯನ್ನು ತೆಗೆಸಿಕೊಂಡು, ವಿಕಿರಣ ಚಿಕಿತ್ಸೆಯನ್ನೂ ಮುಗಿಸಿದವರಿಗೆ ದೊರೆಯುವ ಮಾತೂ ಇಂಥದೇ. ಮನೆಗೆ ಮರಳಿದವರಿಗೆ ಆಗ ಹೊಳೆಯುವುದು ಆರೋಗ್ಯ ವಿಮೆಯ ಯೋಚನೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಎಂದು ನೆಂಟರಿಷ್ಟರು ನಗಬಹುದು. ಆದರೆ ಬೆಂಕಿ ಆರಿದ ಮೇಲೂ ಬಾವಿಯ ಅಗತ್ಯ ಇದ್ದೇ ಇರುತ್ತದಲ್ಲವೆ? ಈ ಹೊತ್ತಿನಲ್ಲಿ ತೋಡಿದರೆ ನೀರು ಎಷ್ಟು ಆಳದಲ್ಲಿ ಸಿಕ್ಕೀತು ಎಂಬುದನ್ನು ಈಗ ನೋಡೋಣ.

ಇಂಥವರ ಅರ್ಜಿಗೆ ವಿಮಾ ಕಂಪನಿ ಕೊಡುವ ಉತ್ತರಗಳು ಹೆಚ್ಚಿಲ್ಲ. ಚಿಕಿತ್ಸೆ ಮುಗಿದು ಸ್ವಲ್ಪ ಕಾಲವಷ್ಟೇ ಆಗಿದ್ದರೆ, ಈಗ ಬೇಡ, ಕೆಲವು ಕಾಲ ಕಳೆದು ಬನ್ನಿ ಎನ್ನಬಹುದು. ಆಗುವುದೇ ಇಲ್ಲವೆಂದೂ ಹೇಳಬಹುದು. ಆಗುತ್ತದೆ ಎಂದರೂ ಸಾಮಾನ್ಯ ಕಂತಿನ ಮೇಲೆ ಹೆಚ್ಚುವರಿ ಹಣ ಕೇಳಬಹುದು. ಪ್ರತಿಯೊಂದು ಆಸ್ಪತ್ರೆಯ ಬಿಲ್ಲಿನಲ್ಲಿ ಇಷ್ಟು ಪಾಲು ನಿಮ್ಮದೇ ಎಂಬ ಷರತ್ತು ಹಾಕಬಹುದು. ಇವುಗಳ ಜೊತೆಗೆ ಬಹುತೇಕ ಯಾವಾಗಲೂ ಬರುವುದು ಕಾಯುವ ಅವಧಿ. ಪಾಲಿಸಿ ಕೈಗೆ ಬಂದಿದ್ದರೂ, ಮೊದಲೇ ಇದ್ದ ಕಾಯಿಲೆಗೆ ಮತ್ತು ಅದರಿಂದ ಹುಟ್ಟುವ ತೊಂದರೆಗಳಿಗೆ ಇಷ್ಟು ತಿಂಗಳು ಹಣ ದೊರೆಯದು ಎಂಬುದೇ ಅದರ ಅರ್ಥ. ಈ ಅವಧಿ ಹಿಂದೆ ನಲವತ್ತೆಂಟು ತಿಂಗಳವರೆಗೆ ಇರಬಹುದಾಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್ ಒಂದರಿಂದ ಅದರ ಗರಿಷ್ಠ ಮಿತಿಯನ್ನು ಮೂವತ್ತಾರು ತಿಂಗಳಿಗೆ ಇಳಿಸಿತು. ಹೃದಯದ ಚಿಕಿತ್ಸೆಯಾದವರಿಗೆಂದೇ, ಕ್ಯಾನ್ಸರ್ ಬಂದುಹೋದವರಿಗೆಂದೇ ರೂಪಿಸಿದ ಕೆಲವು ಪಾಲಿಸಿಗಳೂ ಪೇಟೆಯಲ್ಲಿವೆ. ಅವುಗಳಲ್ಲಿ ಕಾಯುವ ಅವಧಿ ಇದಕ್ಕಿಂತ ಕಡಿಮೆ ಇರುವುದುಂಟು. ಆದರೆ ಹಳೆಯ ಕಾಯಿಲೆ ಮರುಕಳಿಸಿದಾಗ ಕೊಡುವ ಮೊತ್ತಕ್ಕೆ ಬೇರೆಯದೇ ಮಿತಿ ಇರಬಹುದಾದ್ದರಿಂದ, ಪಾಲಿಸಿಯ ಮುಖಪುಟದ ಅಂಕಿಯನ್ನಷ್ಟೇ ನೋಡಿ ಸಂತೋಷಪಡುವಂತಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ನಿವೃತ್ತರಾದ ಪ್ರೌಢಶಾಲಾ ಮೇಷ್ಟ್ರೊಬ್ಬರಿಗೆ 2024ರ ಜೂನ್‌ನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯಾಯಿತು. 2026ರ ಜನವರಿ ಒಂದರಿಂದ ಅವರಿಗೆ ಐದು ಲಕ್ಷ ರೂಪಾಯಿಯ ಪಾಲಿಸಿ ದೊರೆಯಿತು. ಅವರ ವಯಸ್ಸಿನವರ ಕಂತು ವರ್ಷಕ್ಕೆ 30,000 ರೂಪಾಯಿ ಎಂದಿಟ್ಟುಕೊಂಡರೆ, ಕಂಪನಿ ಅದರ ಮೇಲೆ ನೂರಕ್ಕೆ ನಲವತ್ತು ಹೆಚ್ಚಿಸಿ 42,000 ರೂಪಾಯಿ ಕೇಳಿತು. ಬಿಲ್ಲಿನಲ್ಲಿ ಐದನೆಯ ಒಂದು ಪಾಲನ್ನು ಮೇಷ್ಟ್ರೇ ಕೊಡಬೇಕೆಂದಿತು. ಹೃದಯದ ಕಾಯಿಲೆಗೆ ಮೂವತ್ತಾರು ತಿಂಗಳು ಕಾಯಬೇಕೆಂದಿತು. (2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿ.ಎಸ್.ಟಿ. ಇಲ್ಲವಾದ್ದರಿಂದ ತೆರಿಗೆಯ ಲೆಕ್ಕ ಇಲ್ಲಿ ಬೇಕಿಲ್ಲ.) ಅದೇ ಆಗಸ್ಟಿನಲ್ಲಿ ಅವರಿಗೆ ಡೆಂಗೀ ಜ್ವರ ಬಂದು 60,000 ರೂಪಾಯಿ ಬಿಲ್ಲಾದರೆ 48,000 ಕಂಪನಿಯದು, 12,000 ಮೇಷ್ಟ್ರದು. 2028ರ ನವೆಂಬರಿನಲ್ಲಿ ಎದೆನೋವು ಮರಳಿ ಬಂದು ಸ್ಟೆಂಟ್ ಹಾಕಿಸಬೇಕಾಗಿ ಮೂರು ಲಕ್ಷ ಖರ್ಚಾದರೆ ಅವರಿಗೆ ಒಂದು ಕಾಸೂ ಬರುವುದಿಲ್ಲ. ಅದೇ ಎದೆನೋವು ಎರಡು ತಿಂಗಳು ತಡೆದು 2029ರ ಜನವರಿಯಲ್ಲಿ ಬಂದಿತೆನ್ನಿ. ಆಗ 2,40,000 ರೂಪಾಯಿ ಬರುತ್ತದೆ. ನಡುವೆ ಮೇಷ್ಟ್ರು ವಿಮೆಯ ಮೊತ್ತವನ್ನು ಐದರಿಂದ ಹತ್ತು ಲಕ್ಷಕ್ಕೆ ಏರಿಸಿಕೊಂಡಿದ್ದರೆ, ಹೆಚ್ಚಾದ ಐದು ಲಕ್ಷದ ಮಟ್ಟಿಗೆ ಕಾಯುವ ಗಡಿಯಾರ ಮತ್ತೆ ಮೊದಲಿನಿಂದ ಓಡತೊಡಗುತ್ತದೆ.

'ಮೊದಲೇ ಇದ್ದ ಕಾಯಿಲೆ' ಎಂದರೆ ಯಾವುದು? ಪಾಲಿಸಿ ಆರಂಭವಾಗುವುದಕ್ಕೆ ಹಿಂದಿನ ಮೂವತ್ತಾರು ತಿಂಗಳೊಳಗೆ ವೈದ್ಯರು ಗುರುತಿಸಿದ, ಅಥವಾ ಆ ಅವಧಿಯಲ್ಲಿ ಚಿಕಿತ್ಸೆ ಪಡೆದ ಇಲ್ಲವೇ ಚಿಕಿತ್ಸೆಗೆ ಸಲಹೆಯಾದ ಕಾಯಿಲೆ ಎಂದು ನಿಯಮ ಹೇಳುತ್ತದೆ. ಇದನ್ನು ಓದಿದವರು, ನನ್ನ ಶಸ್ತ್ರಚಿಕಿತ್ಸೆಯಾಗಿ ಆರು ವರ್ಷವಾಯಿತು, ಈ ಮಾತು ನನಗೆ ತಗಲದು ಎಂದುಕೊಳ್ಳುತ್ತಾರೆ. ಆದರೆ ದಿನವೂ ರಾತ್ರಿ ನುಂಗುವ ರಕ್ತ ತೆಳುವಾಗಿಸುವ ಮಾತ್ರೆ ಚಿಕಿತ್ಸೆಯಲ್ಲದೆ ಮತ್ತೇನು? ಸ್ತನದ ಕ್ಯಾನ್ಸರ್ ಗುಣವಾದ ಹೆಂಗಸರಲ್ಲಿ ಅನೇಕರು ಐದು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಾರ್ಮೋನಿಗೆ ಸಂಬಂಧಿಸಿದ ಮಾತ್ರೆಯನ್ನು ನುಂಗುತ್ತಾರೆ. ಗಾಯ ಮಾಸಿದ್ದರೂ ಮಾತ್ರೆಯ ಚೀಟಿ ಹಳೆಯ ಕಾಯಿಲೆಯನ್ನು ಇಂದಿನವರೆಗೂ ಎಳೆದು ತರುತ್ತದೆ.

ಇಲ್ಲಿಯೇ ಇನ್ನೊಂದು ಗೊಂದಲವೂ ಇದೆ. ಮೂವತ್ತಾರು ತಿಂಗಳ ಈ ಲೆಕ್ಕ ಕಾಯುವ ಅವಧಿಗೆ ಸಂಬಂಧಿಸಿದ್ದು. ಪ್ರಸ್ತಾಪ ಪತ್ರದಲ್ಲಿ ಏನನ್ನು ತಿಳಿಸಬೇಕು ಎಂಬುದಕ್ಕೆ ಇದು ಅಳತೆಯಲ್ಲ. 'ಎಂದಾದರೂ ಶಸ್ತ್ರಚಿಕಿತ್ಸೆಯಾಗಿದೆಯೆ?' ಎಂಬ ಪ್ರಶ್ನೆಗೆ ಇಪ್ಪತ್ತು ವರ್ಷದ ಹಿಂದಿನದನ್ನೂ ಬರೆಯಲೇಬೇಕು. ಬರೆಯುವ ಕೈ ಮಾತ್ರ ಅನೇಕ ಸಲ ಏಜೆಂಟರದು. ಆತ ಸದ್ಭಾವದಿಂದಲೇ, ಅರ್ಜಿ ಬೇಗ ಪಾಸಾಗಲಿ ಎಂದು ಎಲ್ಲ ಪ್ರಶ್ನೆಗಳ ಮುಂದೆ 'ಇಲ್ಲ' ಎಂದು ಗುರುತು ಹಾಕಿ, ಸಹಿ ಹಾಕುವ ಜಾಗವನ್ನು ತೋರಿಸುತ್ತಾನೆ. ಹೊಣೆ ಬೀಳುವುದು ಸಹಿ ಹಾಕಿದವರ ಮೇಲೆ. ಪಾಲಿಸಿಯ ಜೊತೆ ಬರುವ ಪ್ರಸ್ತಾಪ ಪತ್ರದ ನಕಲನ್ನು ಓದಿ ನೋಡಿದರೆ ಇದು ಅಂದೇ ಬಯಲಾಗುತ್ತದೆ. ತಪ್ಪು ಕಂಡರೆ ಕಂಪನಿಗೆ ಬರೆದು ತಿದ್ದಿಸಬಹುದು. ಷರತ್ತು ಒಪ್ಪಿಗೆಯಾಗದಿದ್ದರೆ ಮೂವತ್ತು ದಿನಗಳೊಳಗೆ ಪಾಲಿಸಿಯನ್ನೇ ಹಿಂದಿರುಗಿಸಬಹುದು.

ತಿಳಿಸುವುದಕ್ಕೂ ಮುಚ್ಚಿಡುವುದಕ್ಕೂ ಇರುವ ಅಂತರವನ್ನು ಸರ್ವೋಚ್ಚ ನ್ಯಾಯಾಲಯದ ಎರಡು ತೀರ್ಪುಗಳಲ್ಲಿ ಕಾಣಬಹುದು. 2009ರ ಮೊಕದ್ದಮೆಯಲ್ಲಿ, ಮಧುಮೇಹವೂ ಮೂತ್ರಪಿಂಡದ ವೈಫಲ್ಯವೂ ಇದ್ದದ್ದನ್ನು ಗಂಡ ಅರ್ಜಿಯಲ್ಲಿ ತಿಳಿಸಿರಲಿಲ್ಲ. ಹೆಂಡತಿಗೆ ಹಣ ದೊರೆಯಲಿಲ್ಲ. 2021ರ ಡಿಸೆಂಬರಿನಲ್ಲಿ ತೀರ್ಮಾನವಾದ ಇನ್ನೊಂದರಲ್ಲಿ, ಅಮೆರಿಕಕ್ಕೆ ಹೊರಟವರೊಬ್ಬರು ತಮಗೆ ಮಧುಮೇಹವಿದೆಯೆಂದು ಹೇಳಿಯೇ ಪಾಲಿಸಿ ಪಡೆದಿದ್ದರು. ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತಿದ್ದಂತೆ ಹೃದಯಾಘಾತವಾಗಿ ಮೂರು ಸ್ಟೆಂಟ್ ಹಾಕಿಸಬೇಕಾಯಿತು. ಕೊಬ್ಬು ತಗ್ಗಿಸುವ ಮಾತ್ರೆಯ ವಿಷಯವನ್ನು ಹೇಳಿಲ್ಲವೆಂದು ಕಂಪನಿ ಹಣ ನಿರಾಕರಿಸಿತು. ತಿಳಿಸಿದ ಸ್ಥಿತಿಯನ್ನು ಅಳೆದು ನೋಡಿ ಪಾಲಿಸಿ ಕೊಟ್ಟ ಮೇಲೆ, ಅದನ್ನೇ ನೆಪಮಾಡಿ ಕೈಬಿಡುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಎಡೆಬಿಡದೆ ಅರವತ್ತು ತಿಂಗಳು ನಡೆದು ಬಂದ ಪಾಲಿಸಿಯಲ್ಲಿ, ವಂಚನೆ ರುಜುವಾತಾದ ಹೊರತು, ವಿಷಯ ಮುಚ್ಚಿಟ್ಟಿದ್ದೀರಿ ಎಂಬ ಆಕ್ಷೇಪಕ್ಕೆ ಈಗ ಎಡೆಯಿಲ್ಲ. ಇದನ್ನು ನಂಬಿ ಮುಚ್ಚಿಡುವವರು, ಆ ಐದು ವರ್ಷ ಹೃದಯ ಸುಮ್ಮನಿದ್ದೀತು ಎಂದು ಪಣ ಕಟ್ಟುತ್ತಾರೆ.

ಕಾಯಿಲೆಗೆ ಮೊದಲೇ ಪಾಲಿಸಿ ಇದ್ದವರ ಸ್ಥಾನ ಬೇರೆ. ಹಣ ಪಡೆದರು ಎಂಬ ಕಾರಣಕ್ಕೆ ಕಂಪನಿ ನವೀಕರಣವನ್ನು ನಿರಾಕರಿಸುವಂತಿಲ್ಲ. ಮೊತ್ತ ಏರಿಸದ ಹೊರತು ಹೊಸದಾಗಿ ಆರೋಗ್ಯವನ್ನು ತೂಗುವಂತಿಲ್ಲ. ಆದ್ದರಿಂದ ಚಿಕಿತ್ಸೆಯ ಗಡಿಬಿಡಿಯಲ್ಲಿ ಕಂತಿನ ದಿನ ಮರೆತು ಪಾಲಿಸಿ ಕಡಿದುಹೋಗುವುದು ಎರಡನೆಯ ರೋಗವಿದ್ದಂತೆ. ನೌಕರಿಯ ಗುಂಪು ವಿಮೆಯಲ್ಲಿದ್ದವರು ನಿವೃತ್ತಿಗೆ ಮೊದಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳುವ ಅರ್ಜಿ ಕೊಡುವುದು ಒಳ್ಳೆಯದು. ಕಾದು ಕಳೆದ ತಿಂಗಳುಗಳು ಅಲ್ಲಿ ವ್ಯರ್ಥವಾಗುವುದಿಲ್ಲ.

ಇಷ್ಟಾಗಿಯೂ ಕಂಪನಿ ಹಣ ಕೊಡದಿದ್ದರೆ, ಕಾರಣವನ್ನು ಬರಹದಲ್ಲಿ ಕೇಳಿ ಪಡೆದು, ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿ ಕೊಡದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು. ಕರ್ನಾಟಕದವರಿಗೆ ಅವರ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಪ್ರಸ್ತಾಪ ಪತ್ರದ ನಕಲು, ಆಸ್ಪತ್ರೆಯ ಬಿಡುಗಡೆ ಚೀಟಿ, ಕಂಪನಿಯ ನಿರಾಕರಣೆಯ ಪತ್ರ, ಈ ಮೂರನ್ನು ದೂರಿನ ಜೊತೆ ಲಗತ್ತಿಸಬೇಕು.